ನಿಮ್ಮ ಅರವತ್ತು–ನಲವತ್ತು ಈಗ ಎಷ್ಟಾಗಿದೆ? ಎಸ್‌ಐಪಿ ಕಟ್ಟುವವರಿಗೊಂದು ಬಹಿರಂಗ ಪತ್ರ

ಆತ್ಮೀಯರೇ,

ತಿಂಗಳ ಕೊನೆಗೆ ಸಂಬಳ ಬೀಳುತ್ತದೆ. ಐದನೇ ತಾರೀಕಿಗೋ ಹತ್ತನೇ ತಾರೀಕಿಗೋ ಎಸ್‌ಐಪಿಯ ಹಣ ತಾನಾಗಿ ಕಡಿತವಾಗುತ್ತದೆ. ಹೀಗೆ ನಿವೃತ್ತಿಗೆಂದೋ ಮಕ್ಕಳ ಓದಿಗೆಂದೋ ಹತ್ತು ಹದಿನೈದು ವರ್ಷ ಮುಂದಕ್ಕೆ ಕಣ್ಣಿಟ್ಟು ಕಟ್ಟುತ್ತಿರುವ ನಿಮ್ಮೆಲ್ಲರಿಗೆ ಈ ಪತ್ರ. ನಿಮ್ಮ ಹೂಡಿಕೆಯಲ್ಲಿ ಷೇರಿನ ಪಾಲೆಷ್ಟು ಎಂದು ಕೇಳಿದರೆ ನಿಮ್ಮಲ್ಲಿ ಬಹಳ ಮಂದಿ ಕೊಡುವ ಉತ್ತರ ಎಸ್‌ಐಪಿಯದು: ಆರು ಸಾವಿರ ಈಕ್ವಿಟಿ ಫಂಡಿಗೆ, ನಾಲ್ಕು ಸಾವಿರ ಡೆಟ್ ಫಂಡಿಗೆ, ಆದ್ದರಿಂದ ಅರವತ್ತು–ನಲವತ್ತು. ಆದರೆ ಕಟ್ಟುವ ಪಾಲು ಬೇರೆ, ಕೈಯಲ್ಲಿರುವ ಪಾಲು ಬೇರೆ. 2020ರ ಮಾರ್ಚ್ 31ರಂದು ನಿಫ್ಟಿ 8,598ರಲ್ಲಿತ್ತು, 2025ರ ಮಾರ್ಚ್ ಕೊನೆಗೆ 23,519ರಲ್ಲಿತ್ತು. ಮೊದಲ ದಿನ ಆರು ಲಕ್ಷವನ್ನು ನಿಫ್ಟಿಯಲ್ಲೂ ನಾಲ್ಕು ಲಕ್ಷವನ್ನು ವರ್ಷಕ್ಕೆ ಶೇ 7ರಂತೆ ಬೆಳೆಯುವ ಡೆಟ್‌ನಲ್ಲೂ ಇಟ್ಟು ಮರೆತವರ ಬಳಿ ಐದು ವರ್ಷದ ಕೊನೆಗೆ ಷೇರು 16.4 ಲಕ್ಷ, ಡೆಟ್ 5.6 ಲಕ್ಷ. ಅಂದರೆ ಷೇರಿನ ಪಾಲು ಶೇ 74 ದಾಟಿದೆ. ಅವರು ಯಾವ ತೀರ್ಮಾನವನ್ನೂ ತೆಗೆದುಕೊಂಡಿಲ್ಲ. ಅವರ ಪರವಾಗಿ ಪೇಟೆಯೇ ತೆಗೆದುಕೊಂಡಿದೆ. ಅದೂ ಅವರ ವಯಸ್ಸು ಐದು ವರ್ಷ ಹೆಚ್ಚಿದ ಮೇಲೆ, ಅಪಾಯವನ್ನು ಹೆಚ್ಚಿಸುವ ದಿಕ್ಕಿನಲ್ಲಿ.

ಈ ಜಾರುವಿಕೆಯನ್ನು ಸರಿಪಡಿಸುವ ಕೆಲಸಕ್ಕೆ ಪೇಟೆಯವರು ರೀಬ್ಯಾಲೆನ್ಸಿಂಗ್ ಎನ್ನುತ್ತಾರೆ. ಮರುಹೊಂದಾಣಿಕೆ ಎಂದರೂ ಆದೀತು. ಹಿಗ್ಗಿದ ಪಾಲಿನಿಂದ ಸ್ವಲ್ಪ ತೆಗೆದು ಕುಗ್ಗಿದ ಪಾಲಿಗೆ ಹಾಕಿ ಮೊದಲು ಗೊತ್ತುಮಾಡಿಕೊಂಡ ಅನುಪಾತಕ್ಕೆ ತರುವುದು, ಅಷ್ಟೇ. ನಾನು ವಾದಿಸಹೊರಟಿರುವುದು ಅದರ ಒಂದು ನಿರ್ದಿಷ್ಟ ಬಗೆಯ ಪರವಾಗಿ: ವರ್ಷಕ್ಕೊಮ್ಮೆ ಗೊತ್ತಾದ ದಿನ ನೋಡುವುದು, ಪಾಲು ಗೊತ್ತಾದ ಗಡಿ ದಾಟಿದ್ದರೆ ಮಾತ್ರ ಕೈಹಾಕುವುದು, ದಾಟಿಲ್ಲದಿದ್ದರೆ ಸುಮ್ಮನಿರುವುದು. ಜೊತೆಗೆ ಇದರಿಂದ ಹೆಚ್ಚು ಲಾಭ ಬರುತ್ತದೆ ಎಂಬ ಪ್ರಚಾರದ ಮಾತನ್ನು ನಂಬಬೇಡಿ ಎಂದೂ ಹೇಳಬೇಕಾಗಿದೆ. ‘ಕಡಿಮೆಗೆ ಕೊಂಡು ಹೆಚ್ಚಿಗೆ ಮಾರುವ ಯಂತ್ರ’ ಎಂದು ಇದನ್ನು ಮಾರಾಟಕ್ಕಿಡುವವರಿದ್ದಾರೆ. ಆ ಆಸೆಯಿಂದ ಶುರುಮಾಡಿದವರು, ಪೇಟೆ ಸತತವಾಗಿ ಏರುವ ಮೂರನೇ ವರ್ಷಕ್ಕೆ ಬೇಸತ್ತು ಕೈಬಿಡುತ್ತಾರೆ. ಕೈಬಿಡುವುದು ಸಾಮಾನ್ಯವಾಗಿ ಅತ್ಯಂತ ಕೆಟ್ಟ ಹೊತ್ತಿನಲ್ಲಿ.

ಹೀಗೇಕೆ ಎಂಬುದಕ್ಕೆ ನಮ್ಮದೇ ಸೆನ್ಸೆಕ್ಸಿನ ಎಂಟು ವರ್ಷ ಸಾಕು. 2002ರ ಕೊನೆಗೆ ಅದು 3,377. ಆಮೇಲೆ ಪ್ರತಿ ಡಿಸೆಂಬರ್ ಕೊನೆಗೆ ಕ್ರಮವಾಗಿ 5,839, 6,603, 9,398, 13,787, ಮತ್ತು 2007ರ ಕೊನೆಗೆ 20,287. ಐದು ವರ್ಷದಲ್ಲಿ ಆರು ಪಟ್ಟು. ಆ ಕಾಲದ ಇಬ್ಬರು ಹೂಡಿಕೆದಾರರನ್ನು ಊಹಿಸಿಕೊಳ್ಳಿ. ಇಬ್ಬರೂ 2002ರ ಕೊನೆಗೆ ಹತ್ತು ಲಕ್ಷವನ್ನು ಅರವತ್ತು–ನಲವತ್ತಾಗಿ ಹಂಚಿದರು. ಡೆಟ್‌ಗೆ ವರ್ಷಕ್ಕೆ ಶೇ 7 ಎಂದು ಹಿಡಿಯೋಣ. ಲಾಭಾಂಶ, ತೆರಿಗೆ, ಖರ್ಚುಗಳನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಮೊದಲನೆಯವರು ಮುಟ್ಟಲೇ ಇಲ್ಲ. ಎರಡನೆಯವರು ಪ್ರತಿ ಡಿಸೆಂಬರ್ ಕೊನೆಯ ದಿನ ನೋಡಿ, ಷೇರಿನ ಪಾಲು 55ಕ್ಕಿಂತ ಕೆಳಗೋ 65ಕ್ಕಿಂತ ಮೇಲೋ ಹೋಗಿದ್ದರೆ 60ಕ್ಕೆ ತಂದರು. 2003ರಲ್ಲಿ ಪಾಲು ಸುಮಾರು 71 ಆಗಿತ್ತು, ಮಾರಿದರು. 2004ರಲ್ಲಿ ಸೆನ್ಸೆಕ್ಸ್ ಶೇ 13 ಏರಿದ್ದರೂ ಪಾಲು 61ರಲ್ಲೇ ಇತ್ತು, ಏನೂ ಮಾಡಲಿಲ್ಲ. 2005, 2006, 2007ರಲ್ಲಿ ಮೂರು ಸಲವೂ ಪಾಲು 67–68ಕ್ಕೆ ಹೋಗಿತ್ತು, ಮೂರು ಸಲವೂ ಮಾರಿದರು. ಐದು ವರ್ಷದ ಕೊನೆಗೆ ಅವರ ಕೈಯಲ್ಲಿ 35.8 ಲಕ್ಷ. ಮುಟ್ಟದೆ ಕೂತವರ ಕೈಯಲ್ಲಿ 41.7 ಲಕ್ಷ. ಸುಮಾರು ಆರು ಲಕ್ಷದ ವ್ಯತ್ಯಾಸ! ಆ ಡಿಸೆಂಬರಿನಲ್ಲಿ ಇಬ್ಬರೂ ಒಂದೆಡೆ ಕೂತು ಕಾಫಿ ಕುಡಿದಿದ್ದರೆ, ಶಿಸ್ತಿನ ಮನುಷ್ಯ ಮೂರ್ಖನಂತೆ ಕಾಣುತ್ತಿದ್ದ. ಮರುಹೊಂದಾಣಿಕೆಯನ್ನು ಹೊಗಳುವ ಬರಹಗಳು 2008ರ ಕುಸಿತದಿಂದ ಕತೆ ಶುರುಮಾಡಿ ಈ ಐದು ವರ್ಷಗಳನ್ನು ಜಾಣತನದಿಂದ ಬಿಟ್ಟುಬಿಡುತ್ತವೆ.

ಆದರೆ ಆ ಡಿಸೆಂಬರಿನಲ್ಲಿ ಇನ್ನೊಂದು ಸಂಖ್ಯೆಯೂ ಇತ್ತು. ಮುಟ್ಟದೆ ಕೂತವರ ಷೇರಿನ ಪಾಲು ಶೇ 86 ದಾಟಿತ್ತು. ಅವರು ತಮ್ಮನ್ನು ಅರವತ್ತು–ನಲವತ್ತಿನ ಎಚ್ಚರಿಕೆಯ ಹೂಡಿಕೆದಾರ ಎಂದೇ ತಿಳಿದಿದ್ದರು. 2008ರ ಕೊನೆಗೆ ಸೆನ್ಸೆಕ್ಸ್ 9,647ಕ್ಕೆ ಬಂತು. ವರ್ಷವೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು. ಮುಟ್ಟದವರ 41.7 ಲಕ್ಷ 23.1 ಲಕ್ಷವಾಯಿತು, ಶೇ 44ರ ಇಳಿತ. ಶಿಸ್ತಿನವರ 35.8 ಲಕ್ಷ 25.5 ಲಕ್ಷವಾಯಿತು, ಶೇ 29ರಷ್ಟು ಇಳಿತ. ಇದೂ ಸಣ್ಣದೇನಲ್ಲ, ಅರವತ್ತು ಭಾಗ ಷೇರಿಟ್ಟವರು ಇಂಥ ವರ್ಷದಲ್ಲಿ ಇಷ್ಟು ಕಳೆದುಕೊಳ್ಳಲು ಸಿದ್ಧರಿರಲೇಬೇಕು. ವ್ಯತ್ಯಾಸ ಏನೆಂದರೆ, ಶೇ 29 ಎಂಬುದು ಅವರು ಮೊದಲ ದಿನವೇ ಒಪ್ಪಿಕೊಂಡ ಅಪಾಯದೊಳಗಿನದು. ಶೇ 44 ಎಂಬುದನ್ನು ಯಾರೂ ಒಪ್ಪಿಕೊಂಡಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಮುಂದಿನ ಎರಡು ವರ್ಷವನ್ನೂ ನೋಡಿಬಿಡೋಣ. 2008ರ ಕೊನೆಗೆ ಶಿಸ್ತಿನವರ ಪಾಲು ತಲೆಕೆಳಗಾಗಿ ಷೇರು 40, ಡೆಟ್ 60 ಆಗಿತ್ತು. ಅವರು ಡೆಟ್‌ನಿಂದ ಐದು ಲಕ್ಷಕ್ಕೂ ಮಿಕ್ಕಿ ತೆಗೆದು ಷೇರಿಗೆ ಹಾಕಿದರು. 2009ರ ಕೊನೆಗೆ ಸೆನ್ಸೆಕ್ಸ್ 17,465ಕ್ಕೆ ಚಿಮ್ಮಿತು. ಪಾಲು 72ರ ಹತ್ತಿರ ಬಂತು, ಮತ್ತೆ ಮಾರಿದರು. 2010ರ ಕೊನೆಗೆ ಸೆನ್ಸೆಕ್ಸ್ 20,509. ಆಗ ಶಿಸ್ತಿನವರ ಬಳಿ 43.8 ಲಕ್ಷ, ಮುಟ್ಟದವರ ಬಳಿ 43.3 ಲಕ್ಷ. ಎಂಟು ವರ್ಷದ ಕೊನೆಗೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಕಡೆ ನಿಂತಿದ್ದಾರೆ. ಲಾಭಾಂಶವನ್ನೂ ತೆರಿಗೆಯನ್ನೂ ಸೇರಿಸಿದ್ದರೆ ಮುಟ್ಟದವರೇ ತುಸು ಮುಂದಿರುತ್ತಿದ್ದರು, ಏಕೆಂದರೆ ಅವರ ಬಳಿ ಷೇರು ಹೆಚ್ಚಿತ್ತು, ಮಾರಾಟ ಇರಲಿಲ್ಲ. ಹಾಗಾದರೆ ಶಿಸ್ತಿನವರು ಗಳಿಸಿದ್ದೇನು? ಅಷ್ಟೇ ದೂರವನ್ನು ಕಡಿಮೆ ಕುಲುಕಾಟದಲ್ಲಿ ಕ್ರಮಿಸಿದರು. ಇನ್ನೂ ಮುಖ್ಯವಾಗಿ, 2009ರ ಮಾರ್ಚಿನಲ್ಲಿ ಸೆನ್ಸೆಕ್ಸ್ 8,160ಕ್ಕೆ ಮುಟ್ಟಿದಾಗ ಎಲ್ಲವನ್ನೂ ಮಾರಿ ಎಫ್‌ಡಿಗೆ ಓಡುವ ಒತ್ತಡ ಅವರ ಮೇಲೆ ಕಡಿಮೆಯಿತ್ತು. ಮುಟ್ಟದವರ 43.3 ಲಕ್ಷ ಎಂಬುದು ಅರ್ಧದ ಹತ್ತಿರ ಕರಗಿದ ಮೇಲೂ ಅವರು ಕದಲದೆ ಕೂತಿದ್ದರೆ ಮಾತ್ರ ಬಂದ ಹಣ. ಕಾಗದದ ಮೇಲೆ ಎಲ್ಲರೂ ಕೂರುತ್ತಾರೆ.

ಈ ತರ್ಕಕ್ಕೆ ವಿದ್ವತ್ತಿನ ಆಧಾರವೂ ಇದೆ, ಅಡಚಣೆಯೂ ಇದೆ. 1988ರಲ್ಲಿ ಆಂಡ್ರೆ ಪೆರೋಲ್ಡ್ ಮತ್ತು ವಿಲಿಯಂ ಶಾರ್ಪ್ ಬರೆದ ಪ್ರಬಂಧವೊಂದು ಈ ವಿಷಯದಲ್ಲಿ ಇಂದಿಗೂ ಸ್ಪಷ್ಟವಾದ ಮಾತಾಡುತ್ತದೆ: ಪೇಟೆ ಒಂದೇ ದಿಕ್ಕಿಗೆ ದೀರ್ಘಕಾಲ ಸಾಗಿದರೆ, ಅದು ಮೇಲಕ್ಕಾಗಲಿ ಕೆಳಕ್ಕಾಗಲಿ, ಪಾಲನ್ನು ಸ್ಥಿರವಾಗಿಡುವವರು ಹಿಂದೆ ಬೀಳುತ್ತಾರೆ, ಪೇಟೆ ಏರಿಳಿದು ಹೊರಟಲ್ಲಿಗೇ ಬಂದರೆ ಅವರು ಮುಂದಿರುತ್ತಾರೆ. 2003ರಿಂದ 2007ರವರೆಗೆ ಮೊದಲನೆಯದು, 2008ರಿಂದ 2010ರವರೆಗೆ ಎರಡನೆಯದು. ಮುಂದೆ ಬರುವುದು ಯಾವುದೆಂದು ಯಾರಿಗೂ ತಿಳಿಯದು. ಆದ್ದರಿಂದ ಲಾಭದ ಲೆಕ್ಕದಲ್ಲಿ ಮರುಹೊಂದಾಣಿಕೆಯನ್ನು ಸಮರ್ಥಿಸಲು ಹೋದರೆ ಅದು ಜೂಜಿನ ಮಾತಾಗುತ್ತದೆ. ಅಪಾಯದ ಲೆಕ್ಕದಲ್ಲಿ ಸಮರ್ಥಿಸಿದರೆ ಅದಕ್ಕೆ ಭವಿಷ್ಯವಾಣಿ ಬೇಕಿಲ್ಲ.

ಇನ್ನು ಗಡಿಯ ವಿಚಾರ. ಐದು ಅಂಕ ಆಚೀಚೆ ಎನ್ನುವುದನ್ನು ಯಾರೋ ಗುಂಡುಸಂಖ್ಯೆಯೆಂದು ಆರಿಸಿದ್ದಲ್ಲ. ಅರವತ್ತರಲ್ಲಿರುವ ಪಾಲು 65ಕ್ಕೆ ಏರಬೇಕಾದರೆ ಷೇರು ಡೆಟ್‌ಗಿಂತ ಸುಮಾರು ಶೇ 24ರಷ್ಟು ಮುಂದೆ ಓಡಬೇಕು. 55ಕ್ಕೆ ಇಳಿಯಬೇಕಾದರೆ ಶೇ 18ರಷ್ಟು ಹಿಂದೆ ಬೀಳಬೇಕು. ಸಾಮಾನ್ಯ ವರ್ಷದ ಏರಿಳಿತ ಇದರೊಳಗೇ ಮುಗಿಯುತ್ತದೆ, ನಿಜವಾಗಿ ದೊಡ್ಡದೇನೋ ಆದಾಗ ಮಾತ್ರ ಗಂಟೆ ಬಾರಿಸುತ್ತದೆ. ಎರಡು ಅಂಕದ ಗಡಿ ಇಟ್ಟುಕೊಂಡವರು ವರ್ಷ ವರ್ಷವೂ ಮಾರಿ ತೆರಿಗೆ ಕಟ್ಟುತ್ತಾ ಕೂರುತ್ತಾರೆ. ಹದಿನೈದು ಅಂಕ ಇಟ್ಟುಕೊಂಡವರದು ಹೆಸರಿಗಷ್ಟೇ ನಿಯಮ. ಆದರೆ ಇದೇ ಐದಂಕ ಸಣ್ಣ ಪಾಲಿಗೆ ಕೆಲಸಕ್ಕೆ ಬಾರದು. ನಿಮ್ಮ ಬಳಿ ಚಿನ್ನ ಶೇ 10 ಇದ್ದರೆ, ಅದು 15ಕ್ಕೆ ಏರಲು ಉಳಿದೆಲ್ಲದಕ್ಕಿಂತ ಸುಮಾರು ಶೇ 59 ಹೆಚ್ಚು ಬೆಳೆಯಬೇಕು. ಇದಕ್ಕಾಗಿ ಅಮೆರಿಕದ ಹೂಡಿಕೆ ಬರಹಗಾರ ಲ್ಯಾರಿ ಸ್ವೀಡ್ರೋ ಜನಪ್ರಿಯಗೊಳಿಸಿದ ಸೂತ್ರ ಒಂದಿದೆ: ಐದು ಅಂಕ, ಇಲ್ಲವೇ ಆ ಪಾಲಿನ ಕಾಲುಭಾಗ, ಇವೆರಡರಲ್ಲಿ ಯಾವುದು ಚಿಕ್ಕದೋ ಅದು ಗಡಿ. ಹತ್ತರ ಚಿನ್ನಕ್ಕೆ 7.5ರಿಂದ 12.5. ಅಷ್ಟು ತಿಳಿದಿದ್ದರೆ ಸಾಕು.

‘ಗಡಿ ಇದ್ದ ಮೇಲೆ ದಿನಾಂಕ ಏಕೆ, ಯಾವಾಗ ದಾಟಿದರೆ ಆಗ ಮಾಡಬಹುದಲ್ಲ’ ಎಂದು ಕೇಳುವವರಿಗೆ 2020 ಎರಡೂ ಬಗೆಯ ಉತ್ತರ ಕೊಡುತ್ತದೆ. ಆ ಜನವರಿ ಮಧ್ಯದಲ್ಲಿ ನಿಫ್ಟಿ 12,362 ಮುಟ್ಟಿ, ಮಾರ್ಚ್ 23ರಂದು 7,610ಕ್ಕೆ ಕುಸಿಯಿತು. ವರ್ಷಾರಂಭಕ್ಕೆ ನೋಡುವ ರೂಢಿಯವರಿಗೆ ಈ ಕುಸಿತ ಲೆಕ್ಕಕ್ಕೇ ಸಿಗಲಿಲ್ಲ. 2020ರ ಕೊನೆಗೆ ನಿಫ್ಟಿ 13,982ಕ್ಕೆ ಏರಿಯಾಗಿತ್ತು. ಆರ್ಥಿಕ ವರ್ಷದ ಕೊನೆಗೆ ನೋಡುವವರಿಗೆ ಪಾಲು ಐವತ್ತರ ಆಸುಪಾಸಿಗೆ ಇಳಿದದ್ದು ಕಂಡಿತು, ಕೊಂಡರು, ಮುಂದಿನ ವರ್ಷ ಅದರ ಫಲ ಕಂಡರು. ಇದು ಜಾಣತನವಲ್ಲ, ದಿನಾಂಕದ ಅದೃಷ್ಟ. ಈ ಅದೃಷ್ಟ ವಿಧಾನದ ನಿಜವಾದ ದೋಷ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಆ ದೋಷ ತಪ್ಪಿಸಲು ದಿನವೂ ನೋಡುವ ದಾರಿ ಹಿಡಿದರೆ ಇನ್ನೊಂದು ಬಗೆಯ ಕಷ್ಟ: ದಿನವೂ ನೋಡುವವರಿಗೆ ದಿನವೂ ಏನಾದರೂ ಮಾಡಬೇಕೆನಿಸುತ್ತದೆ. ಗಡಿ ದಾಟಿದ ದಿನ ‘ಇನ್ನೂ ಸ್ವಲ್ಪ ಇಳಿಯಲಿ, ಆಮೇಲೆ ಕೊಳ್ಳೋಣ’ ಎನಿಸುತ್ತದೆ, ಅಲ್ಲಿಗೆ ನಿಯಮ ಮುರಿಯಿತು. ಅಮೆರಿಕದ ವ್ಯಾನ್‌ಗಾರ್ಡ್ ಸಂಸ್ಥೆ 1926ರಿಂದ 2009ರವರೆಗಿನ ಅಂಕಿಅಂಶದ ಮೇಲೆ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿಂಗಳಿಗೊಮ್ಮೆ ನೋಡಿದರೂ ಮೂರು ತಿಂಗಳಿಗೊಮ್ಮೆ ನೋಡಿದರೂ ವರ್ಷಕ್ಕೊಮ್ಮೆ ನೋಡಿದರೂ ಅಪಾಯಕ್ಕೆ ತಕ್ಕ ಪ್ರತಿಫಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವರ್ಷಕ್ಕೆ ಒಂದೋ ಎರಡೋ ಸಲ ನೋಡಿ, ಐದಂಕ ದಾಟಿದ್ದರೆ ಸರಿಪಡಿಸಿ ಎಂಬುದೇ ಅವರ ಸಲಹೆಯಾಗಿತ್ತು. ಒಂದೇ ದಿನಾಂಕದ ಭಯವಿದ್ದವರು ಮಾರ್ಚಿನಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ ನೋಡಲಿ. ಅದಕ್ಕಿಂತ ಹೆಚ್ಚು ಬೇಡ.

ನಮ್ಮಲ್ಲಿ ಮಾರ್ಚ್ ಮಧ್ಯಭಾಗವೇ ಒಳ್ಳೆಯದೆನ್ನಲು ತೆರಿಗೆಯ ಕಾರಣವೂ ಇದೆ. ‘ಮಾರಿದರೆ ತೆರಿಗೆ ಬೀಳುತ್ತದೆ, ಆ ನಷ್ಟವೇ ಹೆಚ್ಚು’ ಎಂಬ ಆಕ್ಷೇಪ ನಾನು ಕೇಳುವುದರಲ್ಲೆಲ್ಲ ಗಟ್ಟಿಯಾದದ್ದು, ಆದ್ದರಿಂದ ಲೆಕ್ಕ ಮಾಡಿಯೇ ನೋಡೋಣ. 2024ರ ಜುಲೈ 23ರಿಂದ ಒಂದು ವರ್ಷ ಮೀರಿ ಇಟ್ಟ ಈಕ್ವಿಟಿ ಫಂಡಿನ ಲಾಭಕ್ಕೆ, ಆರ್ಥಿಕ ವರ್ಷವೊಂದಕ್ಕೆ 1.25 ಲಕ್ಷದವರೆಗೆ ತೆರಿಗೆಯಿಲ್ಲ, ಅದರ ಮೇಲಕ್ಕೆ ಶೇ 12.5. ಒಂದು ಕುಟುಂಬದ ಬಳಿ 50 ಲಕ್ಷವಿದೆ, ಅದರಲ್ಲಿ ಷೇರು 34 ಲಕ್ಷ, ಅಂದರೆ ಶೇ 68. ಅರವತ್ತಕ್ಕೆ ತರಬೇಕಾದರೆ ನಾಲ್ಕು ಲಕ್ಷದ ಯೂನಿಟ್‌ಗಳನ್ನು ಮಾರಬೇಕು. ಫಂಡಿನಲ್ಲಿ ಮೊದಲು ಕೊಂಡ ಯೂನಿಟ್ ಮೊದಲು ಮಾರಾಟವಾಗುವುದರಿಂದ ಹಳೆಯ, ಹೆಚ್ಚು ಲಾಭದ ಯೂನಿಟ್‌ಗಳೇ ಹೋಗುತ್ತವೆ. ಅರ್ಧದಷ್ಟು, ಎರಡು ಲಕ್ಷ, ಲಾಭವೆಂದು ಹಿಡಿಯೋಣ. ತೆರಿಗೆಗೆ ಒಳಪಡುವುದು 75 ಸಾವಿರ. ಸೆಸ್ ಸೇರಿ ತೆರಿಗೆ 9,750 ರೂಪಾಯಿ. ಐವತ್ತು ಲಕ್ಷದಲ್ಲಿ ಇದು ಶೇ 0.2ಕ್ಕೂ ಕಡಿಮೆ. ಅರ್ಧವನ್ನು ಮಾರ್ಚ್ ಮೂರನೇ ವಾರ ಮಾರಿ, ಉಳಿದರ್ಧವನ್ನು ಏಪ್ರಿಲ್ ಮೊದಲ ವಾರ ಮಾರಿದರೆ ಎರಡು ವರ್ಷಗಳ ವಿನಾಯಿತಿ ಸಿಗುತ್ತದೆ, ಬೇರೆ ಲಾಭ ಇಲ್ಲದಿದ್ದರೆ ತೆರಿಗೆಯೇ ಇಲ್ಲ. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಹೂಡಿಕೆ ಇದ್ದರೆ ಇಬ್ಬರಿಗೂ ಬೇರೆ ಬೇರೆ ವಿನಾಯಿತಿ.

ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ, ಮಾರಲೇಬೇಕೇ? ಇದೇ ಕುಟುಂಬ ತಿಂಗಳಿಗೆ 40 ಸಾವಿರ ಎಸ್‌ಐಪಿ ಕಟ್ಟುತ್ತಿದ್ದರೆ, ಒಂದು ವರ್ಷ ಆ ಪೂರ್ತಿ ಹಣವನ್ನು ಡೆಟ್ ಕಡೆಗೆ ತಿರುಗಿಸಿದರೆ ಸಾಕು: ವರ್ಷಕ್ಕೆ 4.8 ಲಕ್ಷ ಸೇರಿ ಒಟ್ಟು 54.8 ಲಕ್ಷ, ಅದರಲ್ಲಿ ಷೇರು ಅದೇ 34 ಲಕ್ಷವೆಂದರೆ ಪಾಲು ಶೇ 62. ಒಂದು ಯೂನಿಟ್ ಕೂಡ ಮಾರಬೇಕಿಲ್ಲ, ಒಂದು ರೂಪಾಯಿ ತೆರಿಗೆಯೂ ಇಲ್ಲ. ಹೊಸ ಹಣದಿಂದ ಸರಿಪಡಿಸುವ ಈ ಉಪಾಯ ಎಲ್ಲಕ್ಕಿಂತ ಅಗ್ಗದ್ದು, ಮೊದಲು ಇದನ್ನೇ ಬಳಸಬೇಕು. ಆದರೆ ಇದಕ್ಕೂ ಮುಪ್ಪಿದೆ. ಹದಿನೈದು ವರ್ಷದ ನಂತರ ಮೊತ್ತ ಎರಡು ಕೋಟಿಯಾಗಿ, ಷೇರು 1.36 ಕೋಟಿಯಾಗಿರುವಾಗ ಅದೇ 4.8 ಲಕ್ಷ ಪಾಲನ್ನು 68ರಿಂದ 66.4ಕ್ಕೆ ಮಾತ್ರ ಇಳಿಸುತ್ತದೆ. ಗಡಿಯೊಳಗೂ ಬರುವುದಿಲ್ಲ. ಆಗ ಮಾರದೆ ವಿಧಿಯಿಲ್ಲ. ನಿವೃತ್ತಿ ಹತ್ತಿರವಾಗುತ್ತಾ ಹೋದಂತೆ, ಅಂದರೆ ಸರಿಪಡಿಸುವುದು ಅತ್ಯಂತ ಅಗತ್ಯವಾಗುವ ಹೊತ್ತಿಗೇ, ಎಸ್‌ಐಪಿಯ ಕೈ ಸೋಲುತ್ತದೆ. ಕೇವಲ ಎಸ್‌ಐಪಿಯ ಅನುಪಾತವನ್ನು ನೆಚ್ಚಿ ಕೂತವರಿಗೆ ಇದು ಗೊತ್ತಾಗುವುದು ತಡವಾಗಿ.

ಇಲ್ಲಿಯವರೆಗೆ ಷೇರು ಹಿಗ್ಗಿದ ಮಾತಾಯಿತು. ಷೇರು ಕುಗ್ಗಿದಾಗಿನ ತೊಡಕು ಬೇರೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ಕುಸಿತದಲ್ಲಿ ಷೇರು ಕೊಳ್ಳಲು ಹಣ ಬರಬೇಕಾದದ್ದು ಡೆಟ್ ಕಡೆಯಿಂದ. ನಿಮ್ಮಲ್ಲಿ ಹೆಚ್ಚಿನವರ ಡೆಟ್ ಎಂದರೆ ಇಪಿಎಫ್ ಮತ್ತು ಪಿಪಿಎಫ್. ಇವನ್ನು ಪಾಲಿನ ಲೆಕ್ಕಕ್ಕೆ ಸೇರಿಸದೆ ‘ನನ್ನದೆಲ್ಲ ಷೇರೇ’ ಎಂದುಕೊಳ್ಳುವುದು ಒಂದು ತಪ್ಪು. ಸೇರಿಸಿ, ಬೇಕೆಂದಾಗ ತೆಗೆಯಬಹುದೆಂದು ನಂಬುವುದು ಎರಡನೇ ತಪ್ಪು. ಆ ಹಣ ಸುಲಭಕ್ಕೆ ಕದಲದು. ಹಾಗಾದರೆ ಕದಲುವ ಹಣ ಎಷ್ಟಿರಬೇಕು? 2008ರಂಥ ವರ್ಷವನ್ನೇ ಅಳತೆಗೋಲಾಗಿ ಹಿಡಿಯಿರಿ. ಹತ್ತು ಲಕ್ಷದ ಅರವತ್ತು–ನಲವತ್ತಿನಲ್ಲಿ ಷೇರು ಆರು ಲಕ್ಷದಿಂದ 2.85 ಲಕ್ಷಕ್ಕೆ ಇಳಿದು, ಡೆಟ್ 4.28 ಲಕ್ಷವಾದಾಗ, ಮತ್ತೆ ಅರವತ್ತಕ್ಕೆ ಬರಲು ಸುಮಾರು 1.43 ಲಕ್ಷ ಕಳಿಸಬೇಕು. ಎಂದರೆ ಒಟ್ಟು ಹೂಡಿಕೆಯ ಶೇ 14ರಷ್ಟು, ಡೆಟ್ ಪಾಲಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಎರಡು ಮೂರು ದಿನದಲ್ಲಿ ಕೈಗೆ ಬರುವಂತಿರಬೇಕು: ಲಿಕ್ವಿಡ್ ಫಂಡ್, ಅಲ್ಪಾವಧಿ ಸಾಲಪತ್ರದ ಫಂಡ್, ಮುರಿಸಬಹುದಾದ ಎಫ್‌ಡಿ. ಉಳಿದದ್ದು ಇಪಿಎಫ್‌ನಲ್ಲಿ ಭದ್ರವಾಗಿರಲಿ. 2023ರ ಏಪ್ರಿಲ್ 1ರ ನಂತರ ಕೊಂಡ ಡೆಟ್ ಫಂಡಿನ ಲಾಭಕ್ಕೆ, ಎಷ್ಟು ವರ್ಷ ಇಟ್ಟಿದ್ದರೂ, ನಿಮ್ಮ ಆದಾಯದ ಸ್ಲ್ಯಾಬ್‌ನಂತೆಯೇ ತೆರಿಗೆ ಎಂಬುದು ನೆನಪಿರಲಿ.

ಆ ಕದಲುವ ಹಣ ಎಲ್ಲಿದೆ ಎಂಬುದೂ ಮುಖ್ಯ. ಶೇಕಡ ಒಂದೆರಡು ಹೆಚ್ಚು ಸಿಗುತ್ತದೆಂದು ಕಡಿಮೆ ದರ್ಜೆಯ ಸಾಲಪತ್ರಗಳನ್ನು ಹಿಡಿದಿರುವ ಫಂಡಿಗೆ ಹಾಕಿದರೆ, ಷೇರು ಕುಸಿದ ತಿಂಗಳಲ್ಲೇ ಅದೂ ಸಿಕ್ಕಿಬೀಳಬಹುದು. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ತನ್ನ ಆರು ಡೆಟ್ ಯೋಜನೆಗಳನ್ನು ಮುಚ್ಚುವುದಾಗಿ ಪ್ರಕಟಿಸಿದಾಗ ನಿಫ್ಟಿ ತಳ ಮುಟ್ಟಿ ಒಂದು ತಿಂಗಳಾಗಿತ್ತಷ್ಟೇ. ಹಣ ಮುಂದೆ ಕಂತಿನಲ್ಲಿ ಮರಳಿತು, ಆದರೆ ಕೊಳ್ಳಬೇಕಾದ ಹೊತ್ತಿನಲ್ಲಿ ಕೈಯಲ್ಲಿರಲಿಲ್ಲ. ಡೆಟ್‌ನಿಂದ ಲಾಭ ಹಿಂಡಲು ಹೋಗಬೇಡಿ. ಈ ವಿಧಾನದಲ್ಲಿ ಅದರ ಕೆಲಸ ಕರೆದಾಗ ಬರುವುದು.

‘ಬೀಳುತ್ತಲೇ ಇರುವ ಪೇಟೆಗೆ ಹಣ ಸುರಿಯುವುದು ಬಾವಿಗೆ ಹಾಕಿದಂತಲ್ಲವೇ’ ಎಂಬ ಪ್ರಶ್ನೆಗೆ ಜಪಾನಿನ ಉದಾಹರಣೆ ಕೊಡುತ್ತಾರೆ, ಕೊಡಬೇಕಾದದ್ದೇ. 1989ರ ಕೊನೆಗೆ 38,915 ಮುಟ್ಟಿದ ನಿಕೇಯ್ ಸೂಚ್ಯಂಕ ಆ ಎತ್ತರಕ್ಕೆ ಮರಳಿದ್ದು 2024ರ ಫೆಬ್ರುವರಿಯಲ್ಲಿ. ಆ ಇಳಿಜಾರಿನಲ್ಲಿ ಗಡಿ ದಾಟಿದಾಗಲೆಲ್ಲ ಕೊಂಡವರು, ಮುಟ್ಟದೆ ಕೂತವರಿಗಿಂತ ಹೆಚ್ಚು ಕಳೆದುಕೊಂಡಿರುತ್ತಾರೆ. ಪೆರೋಲ್ಡ್ ಮತ್ತು ಶಾರ್ಪ್ ಹೇಳಿದ ಒಂದೇ ದಿಕ್ಕಿನ ಪೇಟೆ ಇದೇ. ಇದಕ್ಕೆ ಪೂರ್ತಿ ಪರಿಹಾರವಿಲ್ಲ, ಎರಡು ಮಿತಿಗಳಿವೆ. ಒಂದು, ಈ ನಿಯಮ ವಿಶಾಲ ಸೂಚ್ಯಂಕದಂಥ ಬುಟ್ಟಿಗೆ ಮಾತ್ರ, ಬಿಡಿ ಕಂಪನಿಗೆ ಎಂದೂ ಅಲ್ಲ. ದಿವಾಳಿಯತ್ತ ಹೋಗುತ್ತಿರುವ ಕಂಪನಿಯ ಷೇರನ್ನು ‘ಪಾಲು ಸರಿಮಾಡಲು’ ಕೊಳ್ಳುತ್ತಾ ಹೋದರೆ ಡೆಟ್ ಪೂರ್ತಿ ಅದರಲ್ಲೇ ಮುಳುಗುತ್ತದೆ. ಎರಡು, ಷೇರಿನ ಗುರಿಯನ್ನು ಆರಿಸುವಾಗಲೇ ಅಂಥ ಕಾಲವನ್ನು ನೆನೆಯಬೇಕು. ದೀರ್ಘ ಬರ ಬಂದರೆ ಬದುಕು ಕೆಡುತ್ತದೆನ್ನುವವರಿಗೆ ಅರವತ್ತು ಹೆಚ್ಚಾಯಿತು. ಅವರು ಗುರಿಯನ್ನು ನಲವತ್ತಕ್ಕೋ ಐವತ್ತಕ್ಕೋ ಇಳಿಸಲಿ. ಆದರೆ ಅದನ್ನು ಪೇಟೆ ಶಾಂತವಾಗಿರುವಾಗ, ತಮ್ಮ ವಯಸ್ಸು ಮತ್ತು ಅಗತ್ಯ ನೋಡಿ ಇಳಿಸಲಿ. ಕುಸಿತದ ನಡುವೆ ಗುರಿ ಬದಲಿಸುವುದಕ್ಕೆ ಮರುಹೊಂದಾಣಿಕೆ ಎಂಬ ಹೆಸರು ಸಲ್ಲದು, ಅದು ಗಾಬರಿಯ ಮಾರಾಟ.

ಇಷ್ಟೆಲ್ಲ ನಾವೇಕೆ ಮಾಡಬೇಕು, ಯಾರಾದರೂ ಮಾಡಿಕೊಡಲಿ ಎನ್ನುವುದು ಸೋಮಾರಿತನದ ಮಾತಲ್ಲ, ನಾನು ಒಪ್ಪುವ ಮಾತು. ಷೇರನ್ನು 65ರಿಂದ 80ರೊಳಗೆ ಇಡಲೇಬೇಕಾದ ಅಗ್ರೆಸಿವ್ ಹೈಬ್ರಿಡ್ ಫಂಡುಗಳು ಈ ಕೆಲಸವನ್ನು ಒಳಗೇ ಮಾಡುತ್ತವೆ, ಒಳಗಿನ ಮಾರಾಟಕ್ಕೆ ನಿಮಗೆ ತೆರಿಗೆಯಿಲ್ಲ. ಎನ್‌ಪಿಎಸ್‌ನ ಆಟೋ ಚಾಯ್ಸ್ ಆರಿಸಿದವರಿಗೆ ವಯಸ್ಸಿನ ಪ್ರಕಾರ ಷೇರಿನ ಪಾಲನ್ನು ಪ್ರತಿ ವರ್ಷ ಅವರ ಹುಟ್ಟುಹಬ್ಬದ ದಿನವೇ ಸರಿಪಡಿಸಲಾಗುತ್ತದೆ. ಇಂಥ ಉಡುಗೊರೆ ಸಿಗುತ್ತಿದೆಯೆಂದು ಚಂದಾದಾರರಲ್ಲಿ ಎಷ್ಟು ಜನಕ್ಕೆ ಗೊತ್ತೋ! ಆದರೆ ಫಂಡ್ ನೋಡುವುದು ತನ್ನೊಳಗಿನ ಪಾಲನ್ನು ಮಾತ್ರ. ನಿಮ್ಮ ಇಪಿಎಫ್, ಸಂಗಾತಿಯ ಪಿಪಿಎಫ್, ಮನೆಯ ಎಫ್‌ಡಿ ಅದಕ್ಕೆ ಕಾಣದು. ಇಡೀ ಮನೆಯ ಲೆಕ್ಕ ಮನೆಯವರೇ ಹಾಕಬೇಕು.

ಆದ್ದರಿಂದ ಬರುವ ಮಾರ್ಚ್ 15ರ ಆಸುಪಾಸಿನ ಒಂದು ಭಾನುವಾರವನ್ನು ಇದಕ್ಕೆಂದು ಎತ್ತಿಡಿ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಎಲ್ಲ ಫಂಡುಗಳ ಒಟ್ಟು ವಿವರ ಮೇಲ್‌ಗೆ ಬರುವ ಕನ್ಸಾಲಿಡೇಟೆಡ್ ಅಕೌಂಟ್ ಸ್ಟೇಟ್‌ಮೆಂಟ್‌ನಲ್ಲಿದೆ, ಇಪಿಎಫ್‌ನದು ಪಾಸ್‌ಬುಕ್ಕಿನಲ್ಲಿದೆ. ಒಂದು ಹಾಳೆಯಲ್ಲಿ ಷೇರಿನವನ್ನೆಲ್ಲ ಒಂದು ಕಡೆ, ಉಳಿದವನ್ನೆಲ್ಲ ಇನ್ನೊಂದು ಕಡೆ ಕೂಡಿಸಿ. ಹೈಬ್ರಿಡ್ ಫಂಡ್ ಇದ್ದರೆ ಅದರ ಷೇರಿನ ಭಾಗವನ್ನು ಷೇರಿಗೂ ಉಳಿದದ್ದನ್ನು ಡೆಟ್‌ಗೂ ಹಾಕಿ. ಆರು ತಿಂಗಳ ಮನೆಖರ್ಚಿಗೆಂದು ಇಟ್ಟ ತುರ್ತುನಿಧಿಯನ್ನು ಈ ಲೆಕ್ಕಕ್ಕೆ ತರಬೇಡಿ. ಹಾಳೆಯ ತಲೆಯ ಮೇಲೆ ನಿಮ್ಮ ಗುರಿ, ನಿಮ್ಮ ಗಡಿ, ಮುಂದಿನ ಸಲ ನೋಡುವ ದಿನಾಂಕ ಬರೆದು, ಮನೆಯವರಿಬ್ಬರೂ ಸಹಿ ಹಾಕಿ. ಪಾಲು ಗಡಿ ದಾಟಿದ್ದರೆ ಮೊದಲು ಎಸ್‌ಐಪಿ ತಿರುಗಿಸಿ, ಸಾಲದಿದ್ದರೆ ಮಾರಿ ಇಲ್ಲವೇ ಕೊಳ್ಳಿ. 55ರಿಂದ 65ರೊಳಗೇ ಇದ್ದರೆ ಹಾಳೆಯನ್ನು ಮಡಚಿ ಕಪಾಟಿನಲ್ಲಿಟ್ಟು, ಉಳಿದ ಭಾನುವಾರವನ್ನು ನಿಮ್ಮ ಇಷ್ಟದಂತೆ ಕಳೆಯಿರಿ.

ಇಂತಿ,
ನಿಮ್ಮಂತೆಯೇ ತಿಂಗಳು ತಿಂಗಳು ಕಟ್ಟುವ ಒಬ್ಬ ಹೂಡಿಕೆದಾರ